ಸರಾಸರಿ ಇಳಿಯಿತು, ಕಾಯುವ ದಿನ ಏರಿತು: ಎರಡೂ ನಿಜವಾಗುವುದು ಹೇಗೆ?

ಆಗಾಗ ಇಂಥ ಸುದ್ದಿ ಬರುತ್ತದೆ. ದೂರು ಬಗೆಹರಿಸಲು ಹಿಡಿಯುವ ಸರಾಸರಿ ಅವಧಿ 11 ದಿನದಿಂದ 9 ದಿನಕ್ಕೆ ಇಳಿದಿದೆ ಎಂದು ಸೇವೆ ಒದಗಿಸುವ ಸಂಸ್ಥೆ ಪ್ರಕಟಿಸುತ್ತದೆ. ಮಾರನೆಯ ದಿನ ಬಳಕೆದಾರರ ಸಂಘ ಅದೇ ಅಂಕಿಗಳನ್ನು ಮುಂದಿಟ್ಟು, ಸಾಮಾನ್ಯ ದೂರುದಾರರು ಕಾಯುವುದು 5 ದಿನದಿಂದ 7 ದಿನಕ್ಕೆ ಏರಿದೆ ಎನ್ನುತ್ತದೆ. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಓದುಗರಿಗೆ ಅನಿಸುವುದು ಸಹಜ. ಆದರೆ ಇಬ್ಬರ ಲೆಕ್ಕವೂ ಸರಿಯಿರಬಹುದು. ಒಬ್ಬರು ಹೇಳಿದ್ದು ಸರಾಸರಿ (ಮೀನ್), ಇನ್ನೊಬ್ಬರು ಹೇಳಿದ್ದು ಮಧ್ಯಾಂಕ (ಮೀಡಿಯನ್). ಇವೆರಡೂ ಎದುರು ದಿಕ್ಕಿಗೆ ಹೊರಡುವುದು ಅಪರೂಪದ ಸಂಗತಿಯೇನಲ್ಲ. ಅಂಕಿಗಳು ಒಂದೇ ಕಡೆ ವಾಲಿದ್ದರೆ ಹಾಗಾಗಲು ದಾರಿ ಸದಾ ತೆರೆದೇ ಇರುತ್ತದೆ.

## ಹದಿನೈದು ದೂರುಗಳ ಲೆಕ್ಕ

ವಿಷಯ ಕಣ್ಣಿಗೆ ಕಾಣಲಿ ಎಂದು ಚಿಕ್ಕದೊಂದು ಉದಾಹರಣೆ ಕಟ್ಟಿಕೊಳ್ಳೋಣ. ವರ್ಷಕ್ಕೆ ಹದಿನೈದೇ ದೂರುಗಳು ಬಂದಿವೆ ಎಂದುಕೊಳ್ಳಿ. ಪ್ರತಿಯೊಂದೂ ಬಗೆಹರಿಯಲು ಎಷ್ಟು ದಿನ ಹಿಡಿಯಿತು ಎಂಬುದನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಸಿಗುವುದು ಇದು:

ಕಳೆದ ವರ್ಷ: 2, 2, 2, 3, 3, 4, 4, 5, 6, 7, 8, 10, 14, 30, 65

ಈ ವರ್ಷ: 2, 3, 4, 5, 5, 5, 6, 7, 8, 9, 10, 12, 15, 20, 24

ಕಳೆದ ವರ್ಷದ ಸಾಲನ್ನು ಮೊದಲು ನೋಡಿ. ಎಲ್ಲವನ್ನೂ ಕೂಡಿದರೆ 165. ಹದಿನೈದರಿಂದ ಭಾಗಿಸಿದರೆ ಸರಾಸರಿ 11. ಸಾಲಿನ ನಟ್ಟನಡುವೆ, ಅಂದರೆ ಎಂಟನೆಯ ಸ್ಥಾನದಲ್ಲಿ ನಿಂತಿರುವುದು 5, ಅದು ಮಧ್ಯಾಂಕ. ಅತಿ ಹೆಚ್ಚು ಸಲ ಬಂದಿರುವುದು 2, ಅದು ಬಹುಲಕ (ಮೋಡ್). ಒಂದೇ ಸಾಲಿಗೆ ಮೂರು ಉತ್ತರಗಳು, ಅವುಗಳ ನಡುವೆ ಐದೂವರೆ ಪಟ್ಟು ಅಂತರ.

ಅಂತರಕ್ಕೆ ಕಾರಣ ಸಾಲಿನ ಕೊನೆಯಲ್ಲಿದೆ. ಕಾಯುವ ದಿನ ಸೊನ್ನೆಗಿಂತ ಕೆಳಗೆ ಹೋಗುವಂತಿಲ್ಲ, ಮೇಲಕ್ಕೆ ಮಾತ್ರ ತಡೆಯೇ ಇಲ್ಲ. ಹಾಗಾಗಿ ಬಹುಪಾಲು ದೂರುಗಳು ಎಡಗಡೆ ಒತ್ತಾಗಿ ಕೂರುತ್ತವೆ, ಸಿಕ್ಕುಸಿಕ್ಕಾದ ಒಂದೆರಡು ಬಲಗಡೆ ದೂರ ಹೋಗಿ ನಿಲ್ಲುತ್ತವೆ. ಬಲಕ್ಕೆ ಬಾಲ ಬೆಳೆದ ಇಂಥ ಅಂಕಿಗಳನ್ನೇ ಓರೆ ದತ್ತಾಂಶ ಅಥವಾ ಸ್ಕ್ಯೂಡ್ ದತ್ತಾಂಶ ಎನ್ನುವುದು. ಆದಾಯ, ಆಸ್ತಿ, ಆಸ್ಪತ್ರೆಯಲ್ಲಿ ಉಳಿದ ದಿನಗಳು, ಸರ್ವರ್ ಉತ್ತರಿಸಲು ತೆಗೆದುಕೊಂಡ ಸಮಯ, ಇವೆಲ್ಲ ಸಾಮಾನ್ಯವಾಗಿ ಇದೇ ಆಕಾರದಲ್ಲಿರುತ್ತವೆ.

## ಸರಾಸರಿಯನ್ನು ಎಳೆಯುವವರು ಯಾರು?

165 ದಿನಗಳ ಮೊತ್ತದಲ್ಲಿ ಕೊನೆಯ ಎರಡೇ ದೂರುಗಳ ಪಾಲು 95 ದಿನ. ಅರ್ಧಕ್ಕಿಂತ ಹೆಚ್ಚು. ಸರಾಸರಿ ಎಂದರೆ ಮೊತ್ತವನ್ನು ಎಲ್ಲರಿಗೂ ಸಮನಾಗಿ ಹಂಚಿದಾಗ ಬರುವ ಪಾಲು. ಆ ಎರಡು ದೂರುಗಳ ಭಾರವನ್ನು ಉಳಿದ ಹದಿಮೂರರ ತಲೆಗೂ ಹಂಚಿದ್ದರಿಂದಲೇ 11 ಬಂದದ್ದು. ಪರಿಣಾಮವಾಗಿ ಹದಿನೈದರಲ್ಲಿ ಹನ್ನೆರಡು ದೂರುಗಳು ‘ಸರಾಸರಿ’ಗಿಂತ ಕಡಿಮೆ ದಿನದಲ್ಲಿ ಮುಗಿದಿವೆ. ಹನ್ನೊಂದು ದಿನ ಕಾದವರು ಈ ಪಟ್ಟಿಯಲ್ಲಿ ಒಬ್ಬರೂ ಇಲ್ಲ.

ಮಧ್ಯಾಂಕ ಮೊತ್ತವನ್ನು ನೋಡುವುದಿಲ್ಲ, ಸರದಿಯನ್ನಷ್ಟೇ ನೋಡುತ್ತದೆ. ಕೊನೆಯಲ್ಲಿರುವವರು 65 ದಿನ ಕಾದರೂ 165 ದಿನ ಕಾದರೂ ಸಾಲಿನಲ್ಲಿ ಅವರು ಕೊನೆಯವರೇ, ನಡುವೆ ನಿಂತವರ ಸ್ಥಾನ ಕದಲುವುದಿಲ್ಲ. ಅಂಕಿ ದಾಖಲಿಸುವವರು ಕೈತಪ್ಪಿ 65ರ ಬದಲು 650 ಎಂದು ಬರೆದರು ಎನ್ನಿ. ಮೊತ್ತ 750ಕ್ಕೆ ಜಿಗಿಯುತ್ತದೆ, ಸರಾಸರಿ 50 ಆಗುತ್ತದೆ. ಮಧ್ಯಾಂಕ ಮಾತ್ರ 5ರಲ್ಲೇ ಕೂತಿರುತ್ತದೆ. ಇದು ಮಧ್ಯಾಂಕದ ಗುಣವೂ ಹೌದು, ದೋಷವೂ ಹೌದು. 650 ದಿನ ನಿಜವಾಗಿಯೇ ಯಾರಾದರೂ ಕಾದಿದ್ದರೆ ಅವರ ಪಾಡು ಅದಕ್ಕೆ ಕಾಣುವುದೇ ಇಲ್ಲ.

## ಎದುರು ದಿಕ್ಕಿನ ಪಯಣ

ಈಗ ಈ ವರ್ಷದ ಸಾಲಿಗೆ ಬರೋಣ. ಮೊತ್ತ 135, ಸರಾಸರಿ 9. ಎಂಟನೆಯ ಸ್ಥಾನದಲ್ಲಿ 7. ಮೂರು ಸಲ ಬಂದಿರುವುದು 5. ಸಂಸ್ಥೆಯ ಮಾತೂ ನಿಂತಿತು, ಸಂಘದ ಮಾತೂ ನಿಂತಿತು.

ಎರಡೂ ಸಾಲುಗಳನ್ನು ಒಂದರ ಕೆಳಗೊಂದಿಟ್ಟು ಸ್ಥಾನ ಸ್ಥಾನಕ್ಕೆ ಹೋಲಿಸಿದರೆ ಗುಟ್ಟು ಬಯಲಾಗುತ್ತದೆ. ಮೊದಲ ಸ್ಥಾನ ಹಾಗೇ ಇದೆ. ಎರಡನೆಯದರಿಂದ ಹದಿಮೂರನೆಯವರೆಗಿನ ಹನ್ನೆರಡು ಸ್ಥಾನಗಳಲ್ಲಿ ಒಂದೋ ಎರಡೋ ದಿನ ಹೆಚ್ಚಾಗಿದೆ. ಎಲ್ಲ ಕೂಡಿ 21 ದಿನ. ಕೊನೆಯ ಎರಡು ಸ್ಥಾನಗಳಲ್ಲಿ 30 ಇದ್ದದ್ದು 20 ಆಗಿದೆ, 65 ಇದ್ದದ್ದು 24 ಆಗಿದೆ. ಅಲ್ಲಿ ಉಳಿತಾಯವಾದದ್ದು 51 ದಿನ. ಒಟ್ಟಿನಲ್ಲಿ 30 ದಿನ ಕಡಿಮೆ, ತಲಾ ಎರಡು ದಿನದ ಇಳಿಕೆ. (ಇಲ್ಲಿ ಹೋಲಿಸುತ್ತಿರುವುದು ಸ್ಥಾನಗಳನ್ನು, ಅದೇ ವ್ಯಕ್ತಿಗಳನ್ನಲ್ಲ. ದೂರು ಕೊಟ್ಟವರು ಬೇರೆಯೇ ಇರಬಹುದು.)

ಇದು ನಡೆಯುವ ಬಗೆಯನ್ನು ಊಹಿಸುವುದು ಕಷ್ಟವಲ್ಲ. ಕೊಳೆಯುತ್ತಿದ್ದ ಜಟಿಲ ದೂರುಗಳಿಗೆ ಸಿಬ್ಬಂದಿಯನ್ನು ಹಚ್ಚಿದರೆ ಅವು ಬೇಗ ಮುಗಿಯುತ್ತವೆ. ಆ ಸಿಬ್ಬಂದಿ ಅಲ್ಲಿಯವರೆಗೆ ನೋಡುತ್ತಿದ್ದ ಸುಲಭದ ದೂರುಗಳು ಒಂದೆರಡು ದಿನ ಹೆಚ್ಚು ಕಾಯುತ್ತವೆ. ಅದು ಒಳ್ಳೆಯ ತೀರ್ಮಾನವೇ ಇರಬಹುದು. 65 ದಿನ ಒದ್ದಾಡಿದವರ ಕಷ್ಟವನ್ನು ಒಂದೆರಡು ದಿನದ ತಡಕ್ಕೆ ತೂಗಿ ನೋಡಿದರೆ ಹಲವರು ಒಪ್ಪಿಯಾರು. ಆದರೆ ‘ಎಲ್ಲರಿಗೂ ಎರಡು ದಿನ ಉಳಿಯಿತು’ ಎಂಬ ಅರ್ಥ ಬರುವಂತೆ ಅದನ್ನು ಸಾರುವುದು ತಪ್ಪು. ಹೆಚ್ಚಿನವರಿಗೆ ಉಳಿದಿಲ್ಲ, ಹೋಗಿದೆ.

ದೊಡ್ಡ ಸಮೀಕ್ಷೆಗಳಲ್ಲೂ ಈ ಎರಡು ಅಂಕಿಗಳು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಅಮೆರಿಕದ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ನಡೆಸುವ ಕುಟುಂಬಗಳ ಹಣಕಾಸು ಸಮೀಕ್ಷೆಯ 2022ರ ಸುತ್ತಿನಲ್ಲಿ ಕುಟುಂಬವೊಂದರ ನಿವ್ವಳ ಆಸ್ತಿಯ ಮಧ್ಯಾಂಕ ಸುಮಾರು 1,92,900 ಡಾಲರ್, ಸರಾಸರಿ ಸುಮಾರು 10,63,700 ಡಾಲರ್. ಐದೂವರೆ ಪಟ್ಟು ವ್ಯತ್ಯಾಸ. ಹಣದುಬ್ಬರ ಕಳೆದು ನೋಡಿದರೆ 2019ಕ್ಕೂ 2022ಕ್ಕೂ ನಡುವೆ ಮಧ್ಯಾಂಕ ಶೇ 37ರಷ್ಟು ಏರಿದರೆ ಸರಾಸರಿ ಏರಿದ್ದು ಶೇ 23. ‘ಕುಟುಂಬಗಳ ಆಸ್ತಿ ಎಷ್ಟು ಬೆಳೆಯಿತು’ ಎಂಬ ಒಂದೇ ಪ್ರಶ್ನೆಗೆ ಎರಡು ಶೀರ್ಷಿಕೆಗಳನ್ನು ಬರೆಯಬಹುದು, ಎರಡೂ ನಿಜ.

## ಬಹುಲಕವನ್ನು ಏಕೆ ನೆಚ್ಚಲಾಗದು

‘ಸಾಮಾನ್ಯ’ ಎಂಬ ಪದಕ್ಕೆ ಅತಿ ಹತ್ತಿರ ಇರಬೇಕಾದದ್ದು ಬಹುಲಕವೇ ಅಲ್ಲವೇ? ಅತಿ ಹೆಚ್ಚು ಜನರಿಗೆ ಆದದ್ದನ್ನೇ ಅದು ಹೇಳುತ್ತದಲ್ಲ. ಮೇಲುನೋಟಕ್ಕೆ ಸರಿ. ಉಡುಪಿನ ಅಳತೆ, ದೂರಿನ ಬಗೆ, ಆಯ್ಕೆ ಮಾಡಿದ ಭಾಷೆ ಇಂಥ ವರ್ಗಗಳ ವಿಚಾರದಲ್ಲಿ ಬಹುಲಕ ನಿಜಕ್ಕೂ ಸರಿಯಾದ ಉತ್ತರ. ಅಲ್ಲಿ ಸರಾಸರಿಗೆ ಅರ್ಥವೇ ಇಲ್ಲ.

ಅಳೆಯುವ ಅಂಕಿಗಳಿಗೆ ಬಂದಾಗ ತೊಡಕು ಶುರುವಾಗುತ್ತದೆ. ಕಳೆದ ವರ್ಷದ ಬಹುಲಕ 2 ಆದದ್ದು ಮೂರೇ ದೂರುಗಳ ಬಲದಿಂದ, ಹದಿನೈದರಲ್ಲಿ ಐದನೇ ಒಂದು ಪಾಲು ಮಾತ್ರ. ದಿನಗಳ ಬದಲು ಗಂಟೆ ನಿಮಿಷಗಳಲ್ಲಿ ಅಳೆದಿದ್ದರೆ ಯಾವ ಎರಡು ದೂರುಗಳೂ ಒಂದೇ ಆಗದೆ ಬಹುಲಕವೇ ಇಲ್ಲದಂತಾಗುತ್ತಿತ್ತು. ಸರಿ, ಗುಂಪು ಮಾಡೋಣ ಎಂದರೆ ಗುಂಪು ಎಲ್ಲಿಂದ ಶುರು ಎಂಬುದೇ ಉತ್ತರವನ್ನು ಬದಲಿಸುತ್ತದೆ. ಈ ವರ್ಷದ ಸಾಲನ್ನು 1–5, 6–10, 11–15 ಎಂದು ಒಡೆದರೆ 1–5ರ ಗುಂಪಿನಲ್ಲಿ ಆರು, 6–10ರಲ್ಲಿ ಐದು. ಅತಿ ದೊಡ್ಡ ಗುಂಪು ಐದು ದಿನದೊಳಗಿನದು ಎನ್ನಬಹುದು. ಅದೇ ಅಂಕಿಗಳನ್ನು 0–4, 5–9, 10–14 ಎಂದು ಒಡೆಯಿರಿ. ಮೊದಲ ಗುಂಪಿನಲ್ಲಿ ಮೂರೇ ಉಳಿದು 5–9ರಲ್ಲಿ ಏಳು ಸೇರುತ್ತವೆ. ದೂರುಗಳು ಬದಲಾಗಿಲ್ಲ, ಗೆರೆ ಒಂದು ದಿನ ಸರಿದಿದೆ ಅಷ್ಟೆ.

ಇನ್ನೊಂದು ಸೂಕ್ಷ್ಮ ಇದೆ. ನಿಗದಿತ ಗಡುವು ಇರುವ ಕಡೆ ಅಂಕಿಗಳು ಗಡುವಿನ ದಿನಕ್ಕೇ ರಾಶಿ ಬೀಳುತ್ತವೆ. ನೆನಪಿನಿಂದ ಬರೆಸಿದ ಅಂಕಿಗಳು 5, 7, 10, 15, 30ರ ಮೇಲೆ ಗುಡ್ಡೆಯಾಗುತ್ತವೆ. ಆಗ ಬಹುಲಕ ತೋರಿಸುವುದು ಕಾದ ಅವಧಿಯನ್ನಲ್ಲ, ದಾಖಲಿಸುವವರ ಅಭ್ಯಾಸವನ್ನು. ಐದರ ಗುಣಕಗಳಲ್ಲಿ ಮಾತ್ರ ಎತ್ತರದ ಕಂಬಗಳು ಕಂಡರೆ ಈ ಅನುಮಾನ ಬರಬೇಕು.

ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಹಾಕುವವರು ಗಮನಿಸಬೇಕಾದದ್ದು ಇಷ್ಟು:

```
=AVERAGE(A2:A16)
=MEDIAN(A2:A16)
=MODE.SNGL(A2:A16)
=MODE.MULT(A2:A16)
```

`MODE.SNGL` ಎಷ್ಟೇ ಬಹುಲಕಗಳಿದ್ದರೂ ಒಂದನ್ನೇ ತೋರಿಸಿ ಸುಮ್ಮನಾಗುತ್ತದೆ. ಸಮಬಲದ ಇನ್ನೊಂದು ಇದೆಯೇ ಎಂದು ತಿಳಿಯಲು `MODE.MULT` ಬೇಕು. ಯಾವ ಅಂಕಿಯೂ ಎರಡನೇ ಸಲ ಬರದಿದ್ದರೆ `#N/A` ಎಂಬ ದೋಷ ಬರುತ್ತದೆ. `AVERAGE` ಖಾಲಿ ಕೋಶವನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಸೊನ್ನೆಯನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ಇನ್ನೂ ಮುಗಿಯದ ದೂರಿಗೆ ಯಾರಾದರೂ 0 ಎಂದು ತುಂಬಿಟ್ಟಿದ್ದರೆ ಅದು ಅತಿ ವೇಗದ ಪರಿಹಾರವೆಂದು ಎಣಿಕೆಯಾಗುತ್ತದೆ. ಇದು ಆಗಬಾರದ್ದು, ಆದರೂ ಆಗುತ್ತಲೇ ಇರುತ್ತದೆ.

## ಯಾವುದು ಕಡಿಮೆ ತಪ್ಪುತ್ತದೆ?

ಯಾವ ಅಂಕಿ ‘ಸಾಮಾನ್ಯ’ವನ್ನು ಚೆನ್ನಾಗಿ ಹೇಳುತ್ತದೆ ಎಂಬುದನ್ನು ಅಭಿರುಚಿಗೆ ಬಿಡಬೇಕಿಲ್ಲ, ಪರೀಕ್ಷಿಸಿ ನೋಡಬಹುದು. ಹೊಸದಾಗಿ ದೂರು ಕೊಡುವವರಿಗೆ ‘ಇಷ್ಟು ದಿನ ಆಗುತ್ತದೆ’ ಎಂದು ಒಂದೇ ಅಂಕಿ ಹೇಳಬೇಕು ಎಂದುಕೊಳ್ಳಿ. ಹೇಳಿದ ದಿನಕ್ಕೂ ಆದ ದಿನಕ್ಕೂ ಇರುವ ಅಂತರವೇ ತಪ್ಪಿನ ಅಳತೆ. ಹೆಚ್ಚಾದರೂ ತಪ್ಪೇ, ಕಡಿಮೆಯಾದರೂ ತಪ್ಪೇ.

ಕಳೆದ ವರ್ಷದ ಹದಿನೈದು ಜನರಿಗೂ 5 ದಿನ ಎಂದು ಹೇಳಿದ್ದರೆ ತಪ್ಪುಗಳ ಒಟ್ಟು ಮೊತ್ತ 120 ದಿನ, ತಲಾ 8. ಬಹುಲಕವಾದ 2 ಎಂದು ಹೇಳಿದ್ದರೆ 135 ದಿನ, ತಲಾ 9. ಸರಾಸರಿಯಾದ 11 ಎಂದು ಹೇಳಿದ್ದರೆ 152 ದಿನ, ತಲಾ ಹತ್ತಕ್ಕೂ ಸ್ವಲ್ಪ ಹೆಚ್ಚು. ಮೂರರಲ್ಲಿ ಸರಾಸರಿಯೇ ಹೆಚ್ಚು ತಪ್ಪಿತು, ಬಹುಲಕಕ್ಕಿಂತಲೂ. ಮಧ್ಯಾಂಕ ಅತಿ ಕಡಿಮೆ ತಪ್ಪಿದ್ದು ಈ ಉದಾಹರಣೆಯ ಕೈಚಳಕವಲ್ಲ. ಅಂತರಗಳ ಮೊತ್ತವನ್ನು ಅತಿ ಕಡಿಮೆ ಮಾಡುವ ಬಿಂದು ಮಧ್ಯಾಂಕ ಎಂಬುದು ಗಣಿತದ ನಿಯಮ. ಕಾರಣವೂ ಸರಳ. ಮಧ್ಯಾಂಕದಿಂದ ಒಂದು ದಿನ ಬಲಕ್ಕೆ ಸರಿದರೆ ಬಲದಲ್ಲಿರುವವರಿಗೆ ಒಂದು ದಿನ ಹತ್ತಿರವಾಗುತ್ತೀರಿ, ಎಡದಲ್ಲಿರುವವರಿಗೂ ನಡುವಿನವರಿಗೂ ಒಂದು ದಿನ ದೂರವಾಗುತ್ತೀರಿ. ಆ ಎರಡನೆಯ ಗುಂಪೇ ದೊಡ್ಡದು.

ಹಾಗಿದ್ದರೆ ಸರಾಸರಿ ಯಾವುದನ್ನು ಕಡಿಮೆ ಮಾಡುತ್ತದೆ? ಅಂತರಗಳ ವರ್ಗಗಳ ಮೊತ್ತವನ್ನು. 60 ದಿನದ ತಪ್ಪನ್ನು 3,600 ಎಂದೂ 3 ದಿನದ ತಪ್ಪನ್ನು 9 ಎಂದೂ ಎಣಿಸುವ ಲೆಕ್ಕ ಅದು. ದೊಡ್ಡ ತಪ್ಪಿಗೆ ಅಷ್ಟು ಘೋರ ದಂಡ ಇರುವುದರಿಂದಲೇ ಅದು ಬಾಲದ ಕಡೆಗೆ ವಾಲಿ ನಿಲ್ಲುತ್ತದೆ.

ಬಲಕ್ಕೆ ಬಾಲವಿದ್ದರೆ ಬಹುಲಕ, ಮಧ್ಯಾಂಕ, ಸರಾಸರಿ ಇದೇ ಕ್ರಮದಲ್ಲಿ ಏರುತ್ತವೆ ಎಂದು ಪಾಠಗಳಲ್ಲಿ ಹೇಳಿಕೊಡುವುದುಂಟು. ನಮ್ಮ ಎರಡೂ ಸಾಲುಗಳಲ್ಲಿ ಹಾಗೇ ಇದೆ. ಆದರೆ ಇದು ಹೆಬ್ಬೆರಳ ಲೆಕ್ಕವೇ ಹೊರತು ನಿಯಮವಲ್ಲ. ನಾಲ್ಕು 1, ಐದು 2, ಒಂದು 5 ಇರುವ ಪಟ್ಟಿ ತೆಗೆದುಕೊಳ್ಳಿ. ಬಾಲ ಬಲಕ್ಕೇ ಇದೆ. ಮಧ್ಯಾಂಕ 2, ಸರಾಸರಿ 1.9. ಕೆಲವೇ ಪೂರ್ಣಾಂಕಗಳಲ್ಲಿ ಎಲ್ಲವೂ ಮುಗಿಯುವ ದತ್ತಾಂಶದಲ್ಲಿ ಹೀಗಾಗುತ್ತದೆ. ಆದ್ದರಿಂದ ಸರಾಸರಿ ಮಧ್ಯಾಂಕಗಳ ಅಂತರ ನೋಡಿಯೇ ಬಾಲದ ದಿಕ್ಕನ್ನು ತೀರ್ಮಾನಿಸಬಾರದು. ಅಂಕಿಗಳನ್ನು ಕಂಬಚಿತ್ರವಾಗಿ ಹಾಕಿ ಒಮ್ಮೆ ಕಣ್ಣಾಡಿಸಬೇಕು.

## ಸರಾಸರಿಯ ಜಾಗ

ಇಷ್ಟು ಹೇಳಿದ ಮೇಲೆ ಸರಾಸರಿಯನ್ನು ಬಿಸಾಡಬಹುದೇ? ಸಂಸ್ಥೆಯ ಒಳಗೆ ಕೂತು ಯೋಜನೆ ಮಾಡುವವರು ಬಿಸಾಡಿದರೆ ಕೆಟ್ಟರು. ಮೊತ್ತ ಬೇಕಾದ ಕಡೆ ಸರಾಸರಿಯೇ ಬೇಕು. 15 ದೂರುಗಳನ್ನು 11ರಿಂದ ಗುಣಿಸಿದರೆ 165 ದಿನ, ಆದ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಮಧ್ಯಾಂಕದಿಂದ ಗುಣಿಸಿದರೆ 75 ದಿನ. ಉಳಿದ 90 ದಿನ ಎಲ್ಲೋ ಮಾಯ.

ಇದರ ಪರಿಣಾಮ ಮೇಜಿನ ಮೇಲಿನ ಕಡತಗಳ ರಾಶಿಯಲ್ಲಿ ಕಾಣುತ್ತದೆ. ಸರದಿ ಸಾಲುಗಳ ಶಾಸ್ತ್ರದಲ್ಲಿ ಲಿಟಲ್ ನಿಯಮ ಎಂಬುದಿದೆ, 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ್ದು. ವ್ಯವಸ್ಥೆ ಒಂದು ಹದಕ್ಕೆ ಬಂದು ನಡೆಯುತ್ತಿದ್ದರೆ ಬಾಕಿ ಇರುವ ದೂರುಗಳ ಸರಾಸರಿ ಸಂಖ್ಯೆ ಎಂದರೆ ದಿನಕ್ಕೆ ಬರುವ ದೂರುಗಳು ಗುಣಿಸು ಒಂದೊಂದು ಒಳಗಿರುವ ಸರಾಸರಿ ಅವಧಿ. ದಿನಕ್ಕೆ 20 ದೂರು ಬರುವ ಕಡೆ ಸರಾಸರಿ 11 ದಿನವಾದರೆ ಯಾವಾಗ ನೋಡಿದರೂ ಸುಮಾರು 220 ದೂರು ಬಾಕಿ ಇರುತ್ತವೆ. ಮಧ್ಯಾಂಕ 5 ಎಂದು ನೂರಕ್ಕೆ ಮಾತ್ರ ವ್ಯವಸ್ಥೆ ಮಾಡಿಕೊಂಡವರು ಬಾಕಿ ಏಕೆ ಕರಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ.

ಹಲವು ಕಚೇರಿಗಳ ಅಂಕಿಗಳನ್ನು ಒಟ್ಟು ಮಾಡುವಾಗಲೂ ಸರಾಸರಿಗೆ ಅನುಕೂಲವಿದೆ. ಪ್ರತಿ ಕಚೇರಿಯ ಸರಾಸರಿಯೂ ದೂರುಗಳ ಸಂಖ್ಯೆಯೂ ಗೊತ್ತಿದ್ದರೆ ಒಟ್ಟು ಸರಾಸರಿ ತೆಗೆಯಬಹುದು. ಮಧ್ಯಾಂಕಗಳನ್ನು ಹಾಗೆ ಬೆಸೆಯಲಾಗದು, ಮೂಲ ಅಂಕಿಗಳನ್ನೆಲ್ಲ ಮತ್ತೆ ಸಾಲಾಗಿ ನಿಲ್ಲಿಸಲೇಬೇಕು. ‘ಕಚೇರಿಗಳ ಮಧ್ಯಾಂಕಗಳ ಸರಾಸರಿ’ ಎಂದು ವರದಿಯಲ್ಲಿ ಕಂಡರೆ ಅದು ಎರಡರ ಅರ್ಥವನ್ನೂ ಕಳೆದುಕೊಂಡ ಅಂಕಿ.

ಅಂದರೆ ಸಂಸ್ಥೆಗೂ ಸಂಘಕ್ಕೂ ನಡೆದ ಜಗಳದಲ್ಲಿ ಇಬ್ಬರ ಪ್ರಶ್ನೆಗಳೇ ಬೇರೆ. ‘ನಮ್ಮ ಮೇಲಿನ ಹೊರೆ ಇಳಿಯಿತೇ’ ಎಂಬುದಕ್ಕೆ ಸಂಸ್ಥೆಯ ಉತ್ತರ ಸರಿ. ‘ನಾಳೆ ದೂರು ಕೊಟ್ಟರೆ ನನಗೆ ಎಷ್ಟು ದಿನ’ ಎಂಬುದಕ್ಕೆ ಸಂಘದ ಉತ್ತರ ಸರಿ. ಸುದ್ದಿ ಓದುವವರು ಕೇಳುವುದು ಎರಡನೆಯದನ್ನು, ಹಾಗಾಗಿ ಸುದ್ದಿಯಲ್ಲಿ ಮೊದಲು ಬರಬೇಕಾದದ್ದು ಮಧ್ಯಾಂಕ. ಅದಕ್ಕೆ ಕಾಣದ ಬಾಲವನ್ನು ತೋರಿಸಲು ಪಕ್ಕದಲ್ಲಿ ಇನ್ನೊಂದು ಅಂಕಿ ಸಾಕು: ‘ಹದಿನೈದರಲ್ಲಿ ಹದಿನಾಲ್ಕು ದೂರುಗಳು 20 ದಿನದೊಳಗೆ ಮುಗಿದಿವೆ, ಕಳೆದ ವರ್ಷ ಅದಕ್ಕೆ 30 ದಿನ ಬೇಕಿತ್ತು.’ ಸಂಸ್ಥೆ ಹೆಮ್ಮೆಪಡಬೇಕಾದ ಸುಧಾರಣೆ ಸರಾಸರಿಗಿಂತ ಈ ವಾಕ್ಯದಲ್ಲೇ ಚೆನ್ನಾಗಿ ಕಾಣುತ್ತದೆ.

## ಇನ್ನೂ ಮುಗಿಯದ ದೂರುಗಳು

ಇಲ್ಲಿಯವರೆಗಿನ ಲೆಕ್ಕವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ಪಟ್ಟಿಯಲ್ಲಿ ಎಲ್ಲ ದೂರುಗಳೂ ಇವೆ ಎಂಬುದು. ಕಾಯುವ ಅವಧಿಯ ಅಂಕಿಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲೇ. ದೂರು ಮುಗಿದ ಮೇಲಷ್ಟೇ ಅದರ ಅವಧಿ ಗೊತ್ತಾಗುತ್ತದೆ. ಹೀಗಾಗಿ ಪಟ್ಟಿಯಿಂದ ಹೊರಗುಳಿಯುವುದು ಯಾವುದೋ ಒಂದು ದೂರಲ್ಲ, ಉದ್ದಕ್ಕೆ ಎಳೆಯುತ್ತಿರುವ ದೂರು.

ಕಳೆದ ವರ್ಷದ 65 ದಿನದ ದೂರು ವರದಿ ಬರೆಯುವಾಗ ಇನ್ನೂ ಬಾಕಿ ಇತ್ತು, 40 ದಿನ ದಾಟಿತ್ತು ಎಂದುಕೊಳ್ಳಿ. ಅದನ್ನು ಬಿಟ್ಟರೆ ಉಳಿದ ಹದಿನಾಲ್ಕರ ಮೊತ್ತ 100, ಸರಾಸರಿ ಸುಮಾರು 7.1. ಒಂದು ದೂರು ಹೊರಗುಳಿದದ್ದಕ್ಕೆ ಸರಾಸರಿ ನಾಲ್ಕು ದಿನ ಕುಸಿಯಿತು. ಮಧ್ಯಾಂಕ 5 ಇದ್ದದ್ದು 4.5 ಆಯಿತು. ಅದನ್ನು ಬಿಡದೆ ‘40ಕ್ಕಿಂತ ಹೆಚ್ಚು’ ಎಂದೇ ಸಾಲಿನ ಕೊನೆಗೆ ನಿಲ್ಲಿಸಿದರೆ ಮಧ್ಯಾಂಕ ಸರಿಯಾಗಿ 5 ಎಂದೇ ಬರುತ್ತದೆ, ಏಕೆಂದರೆ ಅದಕ್ಕೆ ಬೇಕಾದದ್ದು ಸ್ಥಾನ ಮಾತ್ರ. ಸರಾಸರಿಯನ್ನು ಆಗ ತೆಗೆಯಲು ಬರುವುದೇ ಇಲ್ಲ. ಬಾಕಿ ಇರುವವೆಲ್ಲ ಮಧ್ಯಾಂಕವನ್ನು ಆಗಲೇ ದಾಟಿ, ಸಾಲಿನ ಬಲ ಅರ್ಧದಲ್ಲೇ ಇರುವವರೆಗೆ ಮಧ್ಯಾಂಕದ ಈ ಅನುಕೂಲ ಉಳಿಯುತ್ತದೆ. ನಿನ್ನೆಯಷ್ಟೇ ಬಂದು ಬಾಕಿ ಇರುವ ದೂರನ್ನು ಮಾತ್ರ ಹಾಗೆ ಕೊನೆಗೆ ತಳ್ಳುವಂತಿಲ್ಲ, ಅದು ನಾಳೆಯೇ ಮುಗಿಯಬಹುದು.

ಈಗ ಈ ವರ್ಷದ ಸಾಲನ್ನು ಮತ್ತೊಮ್ಮೆ ನೋಡಿ. ಅದು 24ಕ್ಕೆ ನಿಂತಿದೆ. ದೀರ್ಘ ದೂರುಗಳು ಬಗೆಹರಿದವೇ, ಅಥವಾ ಇನ್ನೂ ಬಾಕಿ ಇರುವುದರಿಂದ ಎಣಿಕೆಗೆ ಬಂದಿಲ್ಲವೇ? ಪಟ್ಟಿ ನೋಡಿ ಹೇಳಲಾಗದು, ಕೇಳಲೇಬೇಕು. 24 ದಿನ ದಾಟಿಯೂ ಮುಗಿಯದ ಎರಡು ದೂರುಗಳು ಡ್ರಾಯರಿನಲ್ಲಿವೆ ಎನ್ನಿ. ಅವನ್ನು ಸೇರಿಸಿದರೆ ಹದಿನೇಳು ದೂರುಗಳಾಗುತ್ತವೆ, ಮಧ್ಯಾಂಕ ಒಂಬತ್ತನೆಯ ಸ್ಥಾನಕ್ಕೆ ಸರಿದು 8 ಆಗುತ್ತದೆ. ಸರಾಸರಿ ಎಷ್ಟೆಂದು ಹೇಳಲಾಗದಿದ್ದರೂ ಕನಿಷ್ಠ ಎಷ್ಟೆಂದು ಹೇಳಬಹುದು: ಎರಡೂ 25ನೇ ದಿನವೇ ಮುಗಿದರೂ ಮೊತ್ತ 185, ಸರಾಸರಿ 10.9. ಎರಡೂ 40 ದಿನ ಹಿಡಿದರೆ 12.6. ಆಗ 11ರಿಂದ 9ಕ್ಕೆ ಇಳಿದದ್ದು ಕಾಯುವ ಅವಧಿಯಲ್ಲ, ಪಟ್ಟಿಯ ಉದ್ದ.